ಆಕ್ಸಿಸ್ ಬರೆದಿಲ್ಲ ನೀವು, ಮೇಡಂ

ಮೇಡಂ, ನಮಸ್ಕಾರ.

ನಿಮ್ಮ ಆರ್ಡರ್ ಫಾರ್ಮ್ ಬಂದಿದೆ. ದುಡ್ಡೂ ಬಂದಿದೆ. ಕನ್ನಡಕ ಮಾತ್ರ ಇನ್ನೂ ಶುರು ಮಾಡಿಲ್ಲ. ಯಾಕೆ ಅಂತ ಹೇಳೋಣ ಅಂತ ಫೋನ್ ಮಾಡಿದೆ, ನೀವು ಏನೋ ಕೆಲಸದಲ್ಲಿದ್ದಿರಿ. "ಸರ್, ಅದೆಲ್ಲ ನಿಮಗೇ ಗೊತ್ತಿರತ್ತೆ ಅಲ್ವಾ, ನಾರ್ಮಲ್ ಆಗಿ ಏನು ಹಾಕ್ತೀರೋ ಅದನ್ನೇ ಹಾಕ್ಬಿಡಿ" ಅಂತ ಹೇಳಿ ಇಟ್ಟುಬಿಟ್ಟಿರಿ. ಆ ಮಾತು ಆಮೇಲೂ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯಾಕಂದ್ರೆ ನಾರ್ಮಲ್ ಆಗಿ ಹಾಕುವ ನಂಬರುಗಳು ನಿಜವಾಗಲೂ ಇವೆ. ನಾನು ಅವನ್ನು ಹಾಕಿ ಕಳಿಸಿದರೆ ಕನ್ನಡಕ ತಯಾರಾಗಿ ಬರುತ್ತದೆ. ಫ್ರೇಮಿಗೆ ಚೆನ್ನಾಗಿ ಕೂರುತ್ತದೆ, ಹೊಳೆಯುತ್ತದೆ, ಡಬ್ಬಿಯಲ್ಲಿಟ್ಟು ಕೊಟ್ಟರೆ ನಿಮಗೂ ಖುಷಿಯಾಗುತ್ತದೆ. ಹಾಕಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ಕೆಲವರಿಗೆ ಆಗಲೂ ಗೊತ್ತಾಗುವುದಿಲ್ಲ, ಸುಮ್ನೆ ತಲೆನೋವು ಅಂತ ಮಾತ್ರೆ ನುಂಗುತ್ತಾ ಇರುತ್ತಾರೆ.

ಇಂಥ ಅರ್ಧ ತುಂಬಿದ ಫಾರ್ಮುಗಳು ನನ್ನ ಅಂಗಡಿಗೆ ಈಗ ವಾರಕ್ಕೊಂದಾದರೂ ಬರುತ್ತವೆ. ಹಾಗಾಗಿ ನಿಮಗೆ ಬರೆದ ಪತ್ರವನ್ನೇ, ನಿಮ್ಮ ಹೆಸರು ತೆಗೆದು, ನಂಬರುಗಳನ್ನು ಸ್ವಲ್ಪ ಬದಲಾಯಿಸಿ, ಇಲ್ಲೂ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ತುಂಬಿದ್ದು, ಬಿಟ್ಟಿದ್ದು

ಮೊದಲು ಫಾರ್ಮಿನಲ್ಲಿ ಏನಿದೆ ಅಂತ ನೋಡೋಣ. ಹೆಸರು, ವಿಳಾಸ, ಎರಡು ಫೋನ್ ನಂಬರು, ಡಿಸ್ಕೌಂಟ್ ಕೂಪನ್ ಎಲ್ಲ ಸರಿಯಾಗಿದೆ. (ಕೂಪನ್ ಬಾಕ್ಸ್ ಖಾಲಿ ಬಿಟ್ಟವರನ್ನು ನಾನು ಇದುವರೆಗೂ ನೋಡಿಲ್ಲ.) ಫ್ರೇಮು ಕಪ್ಪು, 52-18-140. ಗ್ಲಾಸು ಪ್ರೋಗ್ರೆಸಿವ್, ಅಂದರೆ ದೂರ, ಕಂಪ್ಯೂಟರ್, ಓದು ಮೂರೂ ಒಂದರಲ್ಲೇ ಬರುವಂಥದ್ದು. ಗೆರೆ ಕಾಣುವುದಿಲ್ಲ. ಚಾಳೀಸು ಬಂದ ಮೇಲೆ ಎಲ್ಲರೂ ಕೇಳುವುದು ಅದನ್ನೇ.

ಪವರಿನ ಜಾಗಕ್ಕೆ ಬಂದರೆ ಬಲಗಣ್ಣಿಗೆ 1.75 ಅಂತಿದೆ, ಮುಂದೆ ಪ್ಲಸ್ಸೂ ಇಲ್ಲ ಮೈನಸ್ಸೂ ಇಲ್ಲ. ಸಿಲಿಂಡರ್ ಮೈನಸ್ 1.25, ಅದರ ಆಕ್ಸಿಸ್ ಖಾಲಿ. ಎಡಗಣ್ಣಿಗೆ ಮೈನಸ್ 2.00, ಸಿಲಿಂಡರ್ ಮೈನಸ್ 0.75, ಆಕ್ಸಿಸ್ 80. ಓದುವ ಪವರು, ಅಂದರೆ ಆಡ್, ಬಲಕ್ಕೆ 2.00, ಎಡಕ್ಕೆ ಖಾಲಿ. ಪಿಡಿ ಖಾಲಿ. ಫಿಟ್ಟಿಂಗ್ ಹೈಟ್ ಖಾಲಿ. ಜೊತೆಗೆ ಡಾಕ್ಟರ ಚೀಟಿಯ ಫೋಟೋ ಕಳಿಸಿದ್ದೀರಿ. ಅದರಲ್ಲಿ ಬಲಗಣ್ಣಿನ ಸಾಲಿನ ಮೇಲೆ ನಿಮ್ಮ ಹೆಬ್ಬೆರಳು ಕೂತಿದೆ, ನಮಗೆ ಬೇಕಾದ ಎರಡು ನಂಬರೂ ಸರಿಯಾಗಿ ಅದರ ಕೆಳಗೇ ಇವೆ.

ಇದರಲ್ಲಿ ಎಲ್ಲ ಖಾಲಿಯೂ ಒಂದೇ ಥರ ಅಲ್ಲ. ಎಡಗಣ್ಣಿನ ಆಡ್ ಬಿಟ್ಟಿದ್ದೀರಲ್ಲ, ಅದಕ್ಕೆ ನನಗೇನೂ ಗಾಬರಿ ಇಲ್ಲ. ಆಡ್ ಬರುವುದು ವಯಸ್ಸಿನಿಂದ. ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ, ಹತ್ತಿರದ್ದನ್ನು ನೋಡಲು ಅದು ಉಬ್ಬುವುದಿಲ್ಲ. ಎರಡು ಕಣ್ಣಿಗೂ ಒಂದೇ ವಯಸ್ಸು, ಹಾಗಾಗಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಆಡ್ ಇರುತ್ತದೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದ್ದರೆ, ಅಥವಾ ಇನ್ನೇನಾದರೂ ಇದ್ದರೆ ಬೇರೆ ಮಾತು. ನಿಮ್ಮನ್ನು ಕೇಳದೆ ಬರೆಯುವುದಿಲ್ಲ, ಆದರೆ ಕೇಳಿದರೆ 2.00 ಅಂತಲೇ ಉತ್ತರ ಬರುತ್ತದೆ ಅನ್ನುವುದು ನನ್ನ ಅಂದಾಜು.

1.75ರ ಮುಂದಿನ ಗುರುತು ಹಾಗಲ್ಲ. ಎಡಕ್ಕೆ ಮೈನಸ್ 2 ಇದೆ, ಬಲಕ್ಕೂ ಮೈನಸ್ಸೇ ಇರುತ್ತದೆ ಅಂತ ನೀವು ಹೇಳಬಹುದು. ಹೆಚ್ಚಿನವರಿಗೆ ಹಾಗೇ ಇರುತ್ತದೆ. ಆದರೆ ಒಂದು ಕಣ್ಣಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಇರುವವರೂ ನಮ್ಮ ಕೌಂಟರಿಗೆ ಬರುತ್ತಾರೆ. ಮೈನಸ್ 1.75 ಹಾಕಬೇಕಾದ ಕಡೆ ಪ್ಲಸ್ 1.75 ಹಾಕಿದರೆ ವ್ಯತ್ಯಾಸ ಮೂರೂವರೆ ಪವರು. ಅದು ಹಾಕಿದ ಕೂಡಲೇ ಗೊತ್ತಾಗುತ್ತದೆ, ಎದುರಿಗಿರುವವರ ಮುಖವೇ ಕಾಣುವುದಿಲ್ಲ. ಹಾಗಾಗಿ ಇದು ದುಡ್ಡು ದಂಡವಾಗುವ ತಪ್ಪು ನಿಜ, ಆದರೆ ಅಡಗಿ ಕೂರುವ ತಪ್ಪಲ್ಲ. ನನಗೆ ಭಯ ಇರುವುದು ಅಡಗಿ ಕೂರುವಂಥವುಗಳದ್ದು.

ದಿಕ್ಕು ಹೇಳದ ಪವರು

ಸಿಲಿಂಡರ್ ಯಾಕೆ ಬರುತ್ತದೆ ಅಂತ ಎರಡು ಮಾತು. ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ, ಎಲ್ಲ ಕಡೆ ಒಂದೇ ಸಮನಾಗಿ ಬಾಗಿರುವುದಿಲ್ಲ. ಒಂದು ದಿಕ್ಕಿನಲ್ಲಿ ಜಾಸ್ತಿ ಬಾಗಿರುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಮ್ಮಿ. ಅದನ್ನು ಸರಿಮಾಡಲು ಒಂದು ದಿಕ್ಕಿನಲ್ಲಿ ಮಾತ್ರ ಪವರ್ ಇರುವ ಗ್ಲಾಸ್ ಬೇಕು. ನೀರಿನ ಪೈಪನ್ನು ಉದ್ದಕ್ಕೆ ಸೀಳಿದರೆ ಹೇಗೆ ಅಡ್ಡಕ್ಕೆ ಬಾಗಿರುತ್ತದೆ, ಉದ್ದಕ್ಕೆ ನೆಟ್ಟಗಿರುತ್ತದೆ, ಆ ಆಕಾರ. ಈಗ ಆ ಪೈಪನ್ನು ಯಾವ ಕೋನದಲ್ಲಿ ಇಡಬೇಕು? ಅದನ್ನು ಹೇಳುವುದೇ ಆಕ್ಸಿಸ್. 1ರಿಂದ 180ರವರೆಗೆ ಒಂದು ನಂಬರು. 90 ಅಂದರೆ ನೆಟ್ಟಗೆ ನಿಂತಿದೆ, 180 ಅಂದರೆ ಮಲಗಿದೆ.

ಹಾಗಾಗಿ ಸಿಲಿಂಡರ್ ಬರೆದು ಆಕ್ಸಿಸ್ ಬಿಟ್ಟರೆ ಆರ್ಡರಿಗೆ ಅರ್ಥವೇ ಇಲ್ಲ. ಲ್ಯಾಬಿನ ಕಂಪ್ಯೂಟರಿಗೂ ಇದು ಗೊತ್ತು. ಅದು ಬಾಕ್ಸನ್ನು ಕೆಂಪು ಮಾಡಿ ನಿಲ್ಲುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಒಳ್ಳೆಯದೇ ಆಯ್ತಲ್ಲ ಅಂತೀರಿ. ಆದರೆ ಆ ಕಂಪ್ಯೂಟರಿನ ಮುಂದೆ ಕೂತಿರುವುದು ಒಬ್ಬ ಹುಡುಗ. ಸಂಜೆ ಒಳಗೆ ಇಷ್ಟು ಆರ್ಡರ್ ಹೋಗಬೇಕು ಅಂತ ಅವನ ತಲೆಮೇಲೆ ಒಬ್ಬರು ನಿಂತಿರುತ್ತಾರೆ. ಕೆಂಪು ಬಾಕ್ಸಿಗೆ ಏನಾದರೂ ಒಂದು ಕೊಟ್ಟರೆ ಅದು ಹಸಿರಾಗುತ್ತದೆ. ಅವನು 180 ಒತ್ತುತ್ತಾನೆ. ಕಂಪ್ಯೂಟರಿಗೆ ತೃಪ್ತಿ. ಅಲ್ಲಿಂದ ಮುಂದೆ ಆ 180 ಡಾಕ್ಟರ್ ಬರೆದ ನಂಬರಿನಷ್ಟೇ ಗೌರವದಿಂದ ಮೆಷಿನ್‌ಗೆ ಹೋಗುತ್ತದೆ. ಇದು ಊಹೆ, ಇದು ಅಳತೆ ಅಂತ ಯಾವ ಕಾಗದದ ಮೇಲೂ ಇರುವುದಿಲ್ಲ.

ಒಬ್ಬ ಮೇಷ್ಟ್ರು ಬಂದಿದ್ದರು ನಮ್ಮ ಅಂಗಡಿಗೆ. ರಿಟೈರ್ ಆದವರು, ಚಾಮರಾಜಪೇಟೆ ಕಡೆಯವರು. ಬೇರೆಲ್ಲೋ ಆರ್ಡರ್ ಮಾಡಿಸಿದ ಹೊಸ ಕನ್ನಡಕ ಜೇಬಿನಲ್ಲಿತ್ತು, ಮೂಗಿನ ಮೇಲೆ ಹಳೆಯದೇ ಇತ್ತು, ಅದರ ಒಂದು ಕಡ್ಡಿಗೆ ದಾರ ಸುತ್ತಿದ್ದರು. "ಹೊಸದು ಹಾಕ್ಕೊಂಡ್ರೆ ಬೋರ್ಡಿನ ಅಕ್ಷರಕ್ಕೆಲ್ಲ ನೆರಳು ಬರತ್ತೆ, ಮೆಟ್ಟಿಲು ಒಂದು ಕಡೆಗೆ ವಾಲಿದ ಹಾಗಿರತ್ತೆ. ಅಭ್ಯಾಸ ಆಗತ್ತೆ ಅಂದ್ರು. ಆಗ್ಲೇ ಇಲ್ಲ" ಅಂದರು. ಅವರ ದನಿಯಲ್ಲಿ ದೂರಿಗಿಂತ ಸಂಕೋಚ ಜಾಸ್ತಿ ಇತ್ತು. ತಮಗೇ ವಯಸ್ಸಾಯ್ತೇನೋ, ಹೊಸದಕ್ಕೆ ಹೊಂದಿಕೊಳ್ಳೋಕೆ ಆಗ್ತಿಲ್ಲವೇನೋ ಅಂತ ಅವರಿಗೆ ಅನುಮಾನ.

ಹೊಸ ಕನ್ನಡಕವನ್ನು ಗ್ಲಾಸಿನ ಪವರು ಅಳೆಯುವ ಲೆನ್ಸೋಮೀಟರಿಗೆ ಹಾಕಿದೆ. ನಮ್ಮದು ಹಳೆಯ ಕಾಲದ್ದು, ಕಣ್ಣಿಟ್ಟು ನೋಡಿ ಚಕ್ರ ತಿರುಗಿಸುವಂಥದ್ದು. ಒಳಗೆ ಹಸಿರು ಗೆರೆಗಳು ಕಾಣುತ್ತವೆ. ಸಿಲಿಂಡರ್ ಇಲ್ಲದ ಗ್ಲಾಸಾದರೆ ಎಲ್ಲ ಗೆರೆಯೂ ಒಟ್ಟಿಗೇ ಚೂಪಾಗುತ್ತವೆ. ಸಿಲಿಂಡರ್ ಇದ್ದರೆ ಒಂದು ಪವರಿಗೆ ಒಂದು ದಿಕ್ಕಿನ ಗೆರೆ ಚೂಪು, ಇನ್ನೊಂದು ಪವರಿಗೆ ಅಡ್ಡ ದಿಕ್ಕಿನದ್ದು. ಅದೂ ಆಕ್ಸಿಸ್ ಚಕ್ರವನ್ನು ಸರಿಯಾದ ಕೋನಕ್ಕೆ ತಿರುಗಿಸಿದರೆ ಮಾತ್ರ, ಇಲ್ಲದಿದ್ದರೆ ಗೆರೆಗಳು ತುಂಡು ತುಂಡಾಗಿ, ಓರೆಯಾಗಿ ಕಾಣುತ್ತವೆ. ಬಲಗಡೆ ಗ್ಲಾಸು ನೋಡಿದೆ, 180. ಎಡಗಡೆ ನೋಡಿದೆ, 180. ಗ್ಲಾಸಿನ ಮಧ್ಯಬಿಂದುಗಳಿಗೆ ಶಾಯಿ ಚುಕ್ಕೆ ಇಟ್ಟು ಸ್ಕೇಲಿನಲ್ಲಿ ಅಳೆದೆ. ಮೂಗಿನ ಮಧ್ಯದಿಂದ ಆ ಕಡೆ 32, ಈ ಕಡೆ 32, ಒಟ್ಟು 64 ಮಿಲಿಮೀಟರ್.

180 ಆಕ್ಸಿಸ್ ಇರುವವರು ಬೇಕಾದಷ್ಟು ಜನ ಇದ್ದಾರೆ. ಪಿಡಿ, ಅಂದರೆ ಎರಡು ಪಾಪೆಗಳ ನಡುವಿನ ದೂರ, 64 ಇರುವವರೂ ಇದ್ದಾರೆ. ಆದರೆ ಎರಡೂ ಕಣ್ಣಿಗೆ ಸರಿಯಾಗಿ 180, ಮುಖದ ಎರಡೂ ಅರ್ಧಕ್ಕೆ ಸರಿಯಾಗಿ 32 ಅಂತ ಒಂದೇ ಕನ್ನಡಕದಲ್ಲಿ ಬಂದಾಗ ನನಗೆ ಮೂಗಿಗೆ ವಾಸನೆ ಬಡಿಯುತ್ತದೆ. ಮನುಷ್ಯರ ಮುಖ ಅಷ್ಟು ನೀಟಾಗಿ ಇರುವುದಿಲ್ಲ. ಮೇಷ್ಟ್ರ ಹತ್ತಿರ ಡಾಕ್ಟರ ಚೀಟಿ ಇತ್ತು, ಪಂಚಾಂಗದೊಳಗೆ ಮಡಚಿ ಇಟ್ಟಿದ್ದರು. ಮಾರನೇ ದಿನ ತಂದರು. ಎರಡೂ ಕಣ್ಣಿಗೆ ಸಿಲಿಂಡರ್ ಮೈನಸ್ 1.50, ಆಕ್ಸಿಸ್ ಒಂದಕ್ಕೆ 75, ಇನ್ನೊಂದಕ್ಕೆ 110. ಮಲಗಿಸಿದ್ದ ಪೈಪು ಹೆಚ್ಚು ಕಮ್ಮಿ ನಿಂತಿರಬೇಕಿತ್ತು.

ಇಷ್ಟು ತಿರುಗಿದರೆ ಏನಾಗುತ್ತದೆ ಗೊತ್ತಾ? ದೋಷ ಹೋಗುವುದಿರಲಿ, ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಒಂದೂವರೆ ಇದ್ದದ್ದು ಮೂರರ ಹತ್ತಿರ. ಸಿಲಿಂಡರೇ ಹಾಕದೆ ಬಿಟ್ಟಿದ್ದರೂ ಮೇಷ್ಟ್ರು ಇನ್ನೂ ಚೆನ್ನಾಗಿ ನೋಡುತ್ತಿದ್ದರು. ಅಂಥದ್ದನ್ನು ಹಾಕಿಕೊಂಡು ಅವರು ಅಭ್ಯಾಸ ಮಾಡಿಕೊಳ್ಳುವ ಪ್ರಯತ್ನದಲ್ಲಿದ್ದರು.

ಎಡಕ್ಕೆ 80 ಇದ್ದರೆ ಬಲಕ್ಕೆ 100 ಅಲ್ವಾ?

ನಿಮ್ಮ ಫಾರ್ಮಿಗೆ ಬರೋಣ. ಈ ಕಸುಬಿನಲ್ಲಿ ಇರುವವರಿಗೆಲ್ಲ ಒಂದು ವಿಷಯ ಗೊತ್ತು. ಎಷ್ಟೋ ಜನರ ಎರಡು ಕಣ್ಣುಗಳ ಆಕ್ಸಿಸ್ ಒಂದಕ್ಕೊಂದು ಕನ್ನಡಿಯಲ್ಲಿ ನೋಡಿದ ಹಾಗಿರುತ್ತವೆ, ಕೂಡಿದರೆ 180ರ ಸುತ್ತಮುತ್ತ ಬರುತ್ತದೆ. ನಿಮ್ಮ ಎಡಗಣ್ಣಿಗೆ 80 ಇದೆ. ಹಾಗಾದರೆ ಬಲಕ್ಕೆ 100 ಇರಬಹುದು. ನಮ್ಮ ಅಂಗಡಿಯ ಹುಡುಗಿ ಇದನ್ನೇ ಹೇಳಿದಳು, "ಸರ್, ನೂರು ಹಾಕಿ ಕಳಿಸಲಾ?" ಅಂದಳು. ಕಲಿತಿದ್ದಾಳೆ, ಜಾಣೆ. ಕಂಪ್ಯೂಟರ್ ಹುಡುಗನ 180ಗಿಂತ ಇದು ಎಷ್ಟೋ ಉತ್ತಮ ಊಹೆ.

ಊಹೆ ಸರಿಹೋದರೆ ಸರಿ. ಹೋಗದಿದ್ದರೆ? ನಿಮ್ಮ ನಿಜವಾದ ಆಕ್ಸಿಸ್ 95 ಆಗಿತ್ತು ಅನ್ನಿ. ಐದು ಡಿಗ್ರಿ ತಪ್ಪು. ಆಗ ನಿಮ್ಮ 1.25ರಲ್ಲಿ ಆರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ, ಅಂದರೆ 0.22ರಷ್ಟು ದೋಷ ಉಳಿಯುತ್ತದೆ. ಸೂಕ್ಷ್ಮ ಕಣ್ಣಿನವರಿಗೆ ಕಿರಿಕಿರಿ, ಉಳಿದವರಿಗೆ ಗೊತ್ತಾಗುವುದಿಲ್ಲ. ಹತ್ತು ಡಿಗ್ರಿ ತಪ್ಪಿದರೆ ಮೂರನೇ ಒಂದು ಭಾಗ ಉಳಿಯುತ್ತದೆ. ನಿಜವಾದದ್ದು 70 ಆಗಿತ್ತು ಅನ್ನಿ, ಅಂಥವರೂ ಇರುತ್ತಾರೆ. ಆಗ ತಪ್ಪು ಮೂವತ್ತು ಡಿಗ್ರಿ. ಮೂವತ್ತು ಡಿಗ್ರಿಗೆ ಲೆಕ್ಕ ಮಜವಾಗಿದೆ, ಉಳಿಯುವ ದೋಷ ಪೂರ್ತಿ 1.25. ಸಿಲಿಂಡರ್ ಹಾಕದೆ ಬಿಟ್ಟಿದ್ದರೂ ಅಷ್ಟೇ ಇರುತ್ತಿತ್ತು, ಈಗ ಅದು ಬೇರೆ ದಿಕ್ಕಿಗೆ ತಿರುಗಿದೆ ಅಷ್ಟೇ. ಮೂವತ್ತು ದಾಟಿದರೆ ಮೇಷ್ಟ್ರ ಕಥೆ ಶುರು.

ಗ್ಲಾಸು ಕಟ್ ಆದ ಮೇಲೆ ಇದನ್ನು ತಿದ್ದಲು ಬರುವುದಿಲ್ಲ. ಲ್ಯಾಬಿನಿಂದ ಗ್ಲಾಸು ಬರುವುದು ದುಂಡಗೆ, ಸುಮಾರು 70 ಮಿಲಿಮೀಟರ್ ಅಗಲದ ಬಿಲ್ಲೆಯಾಗಿ. ಅದನ್ನು ಸರಿಯಾದ ಕೋನಕ್ಕೆ ತಿರುಗಿಸಿ, ಹಿಡಿಕೆ ಅಂಟಿಸಿ, ಫ್ರೇಮಿನ ಆಕಾರಕ್ಕೆ ಅಂಚು ಉಜ್ಜುತ್ತಾರೆ. ನಿಮ್ಮದು ಚೌಕ ಫ್ರೇಮು. ಒಮ್ಮೆ ಚೌಕಾಕಾರಕ್ಕೆ ಉಜ್ಜಿದ ಮೇಲೆ ಇನ್ನು ಎಲ್ಲಿ ತಿರುಗಿಸುವುದು. (ಪೂರ್ತಿ ದುಂಡಗಿನ ಗಾಂಧಿ ಫ್ರೇಮು ಹಾಕುವವರಿಗೆ ಇದರ ಉಲ್ಟಾ ತೊಂದರೆ. ಸ್ಕ್ರೂ ಸ್ವಲ್ಪ ಸಡಿಲವಾದರೆ ಸಾಕು, ಪಂಚೆಯ ತುದಿಯಲ್ಲಿ ಒರೆಸುವಾಗ ಗ್ಲಾಸು ಒಳಗೇ ತಿರುಗುತ್ತದೆ, ಆಕ್ಸಿಸ್ ಜಾರುತ್ತದೆ. "ಮೊನ್ನೆವರೆಗೂ ಚೆನ್ನಾಗಿತ್ತು, ಇವತ್ತು ಮಸಕು" ಅಂತ ಬರುವವರಲ್ಲಿ ಕೆಲವರಿಗೆ ನಾನು ಮಾಡುವುದು ಇಷ್ಟೇ, ತಿರುಗಿಸಿ ಸ್ಕ್ರೂ ಬಿಗಿ ಮಾಡುವುದು. ದುಡ್ಡು ತೊಗೊಳ್ಳುವುದಿಲ್ಲ.)

ಇಂಥ ಸಿಲಿಂಡರ್ ಗ್ಲಾಸನ್ನು ಮಾಡಿಸಿಕೊಂಡ ಮೊದಮೊದಲ ಗಿರಾಕಿಗಳಲ್ಲಿ ಒಬ್ಬರು ಇಂಗ್ಲೆಂಡಿನ ಜಾರ್ಜ್ ಐರಿ, ಮುಂದೆ ದೊಡ್ಡ ಖಗೋಳ ವಿಜ್ಞಾನಿ ಆದವರು. 1820ರ ದಶಕದಲ್ಲಿ ತಮ್ಮ ಎಡಗಣ್ಣಿನ ತೊಂದರೆ ಏನು ಅಂತ ತಾವೇ ಅಳೆದು, ಲೆಕ್ಕ ಹಾಕಿ, ಇಪ್ಸ್‌ವಿಚ್ ಊರಿನ ಫುಲ್ಲರ್ ಎಂಬ ಕನ್ನಡಕದವರಿಗೆ ಕೊಟ್ಟು ಮಾಡಿಸಿಕೊಂಡರು. ಅಂಥ ಗಿರಾಕಿ ಸಿಕ್ಕಿದ ಫುಲ್ಲರ್ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಅಳತೆ ಪೂರ್ತಿ ಗಿರಾಕಿಯದ್ದೇ, ಇವರು ಉಜ್ಜಿಕೊಟ್ಟರೆ ಸಾಕಿತ್ತು.

ಪಿಡಿ ಅಂದರೆ ಪೊಲೀಸ್ ಡಿಪಾರ್ಟ್‌ಮೆಂಟ್ ಅಲ್ಲ

ಒಬ್ಬರು ಹಾಗೇ ಕೇಳಿದ್ದರು ಅದಕ್ಕೆ ಹೇಳಿದೆ. ಪಿಡಿ ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74ರ ಒಳಗೆ ಇರುತ್ತದೆ. ಡಾಕ್ಟರ ಚೀಟಿಯಲ್ಲಿ ಇದನ್ನು ಎಷ್ಟೋ ಸಲ ಬರೆದಿರುವುದಿಲ್ಲ, ಅದು ಅಂಗಡಿಯವರ ಕೆಲಸ ಅಂತ ಬಿಡುತ್ತಾರೆ. ಹಾಗಾಗಿ ನೀವು ಖಾಲಿ ಬಿಟ್ಟಿದ್ದಕ್ಕೆ ನಿಮ್ಮನ್ನು ಏನೂ ಅನ್ನುವ ಹಾಗಿಲ್ಲ. ನಿಮ್ಮ ಹತ್ತಿರ ಆ ನಂಬರೇ ಇರಲಿಲ್ಲ.

ಗ್ಲಾಸಿಗೆ ಒಂದು ಮಧ್ಯಬಿಂದು ಇರುತ್ತದೆ. ಪಾಪೆ ಅದರ ಹಿಂದೆ ಸರಿಯಾಗಿ ಕೂತರೆ ನೋಟ ನೇರವಾಗಿ ಹೋಗುತ್ತದೆ. ಪಕ್ಕಕ್ಕೆ ಸರಿದರೆ ಗ್ಲಾಸು ಬೆಳಕನ್ನು ಬಗ್ಗಿಸುತ್ತದೆ, ಅದನ್ನು ನಾವು ಪ್ರಿಸಂ ಅನ್ನುತ್ತೇವೆ. ಎಷ್ಟು ಬಗ್ಗಿಸುತ್ತದೆ ಅನ್ನುವುದಕ್ಕೆ ಪ್ರೆಂಟಿಸ್ ನಿಯಮ ಅಂತ ಒಂದು ಸುಲಭದ ಲೆಕ್ಕ ಇದೆ. ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ಪವರಿನಿಂದ ಗುಣಿಸುವುದು. ನಿಮ್ಮ ನಿಜವಾದ ಪಿಡಿ 58 ಅಂತ ಇಟ್ಟುಕೊಳ್ಳಿ, ಲ್ಯಾಬಿನವರು 64 ಹಾಕಿದರು ಅನ್ನಿ. ಒಂದೊಂದು ಕಣ್ಣಿಗೆ 3 ಮಿಲಿಮೀಟರ್ ತಪ್ಪು. ನಿಮ್ಮ ಎಡ ಗ್ಲಾಸಿನಲ್ಲಿ ಅಡ್ಡ ದಿಕ್ಕಿನ ಪವರು ಸುಮಾರು 2.75. 0.3 ಸಲ 2.75, ಅಂದರೆ 0.8. ಬಲಕ್ಕೂ ಹೆಚ್ಚು ಕಮ್ಮಿ ಅಷ್ಟೇ ಬರುತ್ತದೆ ಅಂದುಕೊಂಡರೆ ಎರಡೂ ಸೇರಿ ಒಂದೂವರೆಗಿಂತ ಚೂರು ಜಾಸ್ತಿ ಪ್ರಿಸಂ.

ಒಂದೂವರೆ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಯಾವ ಕಡೆಗೆ ಅನ್ನುವುದನ್ನು ನೋಡಿ. ಮೈನಸ್ ಗ್ಲಾಸುಗಳ ಮಧ್ಯಬಿಂದುಗಳು ಪಾಪೆಗಿಂತ ದೂರ ದೂರ ಹೋದರೆ ಕಣ್ಣುಗಳು ಹೊರಕ್ಕೆ ತಿರುಗಿ ನೋಡಬೇಕಾಗುತ್ತದೆ. ಕಣ್ಣುಗಳನ್ನು ಒಳಕ್ಕೆ ತಿರುಗಿಸುವುದು ನಮಗೆಲ್ಲ ಸಲೀಸು, ಓದುವಾಗ ದಿನವಿಡೀ ಅದನ್ನೇ ಮಾಡುತ್ತೇವೆ. ಹೊರಕ್ಕೆ ತಿರುಗಿಸುವ ಶಕ್ತಿ ಬಹಳ ಕಮ್ಮಿ. ಆದರೂ ಒಂದು ಎರಡಾಗಿ ಕಾಣಬಾರದಲ್ಲ, ಅದಕ್ಕೆ ಕಣ್ಣು ಎಳೆದು ಎಳೆದು ಹಿಡಿಯುತ್ತದೆ. ಸ್ಪಷ್ಟವಾಗಿ ಕಾಣುತ್ತದೆ, ಬೋರ್ಡಿನ ಕೊನೇ ಸಾಲೂ ಓದುತ್ತೀರಿ. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ಭಾರ. ಸಂಜೆಗೆ ತಲೆನೋವು. ಕನ್ನಡಕದ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಯಾಕಂದ್ರೆ ಕಾಣುತ್ತಿದೆಯಲ್ಲ! ಟ್ರಾಫಿಕ್ಕು, ನಿದ್ದೆ, ಕಾಫಿ, ಎಲ್ಲದರ ಮೇಲೂ ಹಾಕುತ್ತೇವೆ. ಅಡಗಿ ಕೂರುವ ತಪ್ಪು ಅಂದೆನಲ್ಲ, ಇದು ಅದು.

ಫ್ರೇಮಿನ ಕಡ್ಡಿಯ ಒಳಗಡೆ ಬರೆದಿರುವ 52-18 ಇದೆಯಲ್ಲ, ಅದರಲ್ಲಿ 52 ಒಂದು ಗ್ಲಾಸಿನ ಅಗಲ, 18 ಮೂಗಿನ ಸೇತುವೆಯ ಅಗಲ. ಕೂಡಿದರೆ 70. ಅಂದರೆ ಫ್ರೇಮಿನ ಎರಡು ಕಿಟಕಿಗಳ ಮಧ್ಯದಿಂದ ಮಧ್ಯಕ್ಕೆ 70. ಪಿಡಿ ಕೇಳದೆ ಗ್ಲಾಸನ್ನು ಕಿಟಕಿಯ ಮಧ್ಯಕ್ಕೇ ಕೂರಿಸಿದರೆ 58ರ ಮುಖಕ್ಕೆ 70 ಆಯಿತು. ರಸ್ತೆ ಬದಿಯಲ್ಲಿ ಸಿಗುವ ರೆಡಿಮೇಡ್ ಓದುವ ಕನ್ನಡಕಗಳಲ್ಲೂ ಪಿಡಿ ಯಾರದ್ದೋ ಒಂದು ಇರುತ್ತದೆ. ಪವರು ಕಮ್ಮಿ, ಹಾಕಿಕೊಳ್ಳುವುದೂ ಸ್ವಲ್ಪ ಹೊತ್ತು, ಹಾಗಾಗಿ ನಡೆದುಹೋಗುತ್ತದೆ.

ಇದೊಂದು ನೀವು ತುಂಬೋಕೆ ಆಗುವುದೇ ಇಲ್ಲ

ಕೊನೇ ಖಾಲಿ ಬಾಕ್ಸು, ಫಿಟ್ಟಿಂಗ್ ಹೈಟ್. ನಿಜ ಹೇಳಬೇಕೆಂದರೆ ಈ ಬಾಕ್ಸನ್ನು ಗಿರಾಕಿಗಳ ಫಾರ್ಮಿನಲ್ಲಿ ಇಡುವುದೇ ನನಗೆ ಇಷ್ಟವಿಲ್ಲ. ಫಾರ್ಮು ಮಾಡಿಕೊಟ್ಟವರು ಎಲ್ಲರ ಫಾರ್ಮಿನಲ್ಲೂ ಇರತ್ತೆ ಅಂತ ಇಟ್ಟರು. ಆಯ್ಕೆ ಮಾಡಿದ ಫ್ರೇಮು ನಿಮ್ಮ ಮೂಗಿನ ಮೇಲೆ ಕೂತು, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಸರಿಮಾಡಿದ ಮೇಲೆ, ಗ್ಲಾಸಿನ ತಳದಿಂದ ಪಾಪೆಯವರೆಗೆ ಎಷ್ಟು ಎತ್ತರ ಅನ್ನುವುದು ಆ ನಂಬರು. ಫ್ರೇಮು ಇನ್ನೂ ನನ್ನ ಕಪಾಟಿನಲ್ಲಿದೆ, ಮೂಗು ವೈಟ್‌ಫೀಲ್ಡಿನಲ್ಲಿದೆ. ಆ ನಂಬರು ಇನ್ನೂ ಹುಟ್ಟೇ ಇಲ್ಲ.

ಪ್ರೋಗ್ರೆಸಿವ್ ಗ್ಲಾಸಿನಲ್ಲಿ ಮೇಲೆ ದೂರದ ಪವರು, ಕೆಳಗೆ ಓದುವ ಪವರು, ನಡುವೆ ಒಂದು ಸಣ್ಣ ಓಣಿ, ಅದರಲ್ಲಿ ಪವರು ಮೆಲ್ಲಗೆ ಬದಲಾಗುತ್ತಾ ಇಳಿಯುತ್ತದೆ. ಓಣಿಯ ಎರಡೂ ಪಕ್ಕ ಮಸಕು, ಅದು ಯಾವ ಕಂಪನಿಯ ಗ್ಲಾಸಾದರೂ ತಪ್ಪಿದ್ದಲ್ಲ, ದುಬಾರಿಯದ್ದರಲ್ಲಿ ಓಣಿ ಸ್ವಲ್ಪ ಅಗಲ ಇರಬಹುದು. ಆ ಓಣಿ ಪಾಪೆ ಇಳಿಯುವ ದಾರಿಗೆ ಸರಿಯಾಗಿ ಕೂರಬೇಕು. ಆಗ ಹೇಳಿದ 3 ಮಿಲಿಮೀಟರ್ ಪಿಡಿ ತಪ್ಪು ಇಲ್ಲಿ ತಲೆನೋವಿಗೇ ನಿಲ್ಲುವುದಿಲ್ಲ, ಓಣಿಯೇ ತಪ್ಪಿಹೋಗುತ್ತದೆ. ಕಂಪ್ಯೂಟರ್ ನೋಡಲು ಕತ್ತು ಪಕ್ಕಕ್ಕೆ ತಿರುಗಿಸಬೇಕಾಗುತ್ತದೆ. ಎತ್ತರ ತಪ್ಪಿದರೆ ಇನ್ನೊಂದು ಥರ. ಗ್ಲಾಸು ಕೆಳಗೆ ಕೂತರೆ ಓದಲು ಗಲ್ಲ ಎತ್ತಬೇಕು. ಮೇಲೆ ಕೂತರೆ ಓದುವ ಪವರು ಪಾಪೆಯ ಎದುರಿಗೇ ಬಂದು ರಸ್ತೆ ಮಸಕಾಗುತ್ತದೆ, ಆಗ ಗಲ್ಲ ತಗ್ಗಿಸಿ ನಡೆಯಬೇಕು. ನಮ್ಮ ಅಂಗಡಿಗೆ ಯಾರಾದರೂ ಒಳಗೆ ಬರುವಾಗಲೇ ಗಲ್ಲ ನೋಡುತ್ತೇನೆ, ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಇನ್ನೂ ಒಂದಿದೆ. ನೀವು ಆರಿಸಿದ ಫ್ರೇಮಿನ ಗ್ಲಾಸು 30 ಮಿಲಿಮೀಟರ್ ಎತ್ತರ. ಸಾಮಾನ್ಯ ಪ್ರೋಗ್ರೆಸಿವ್ ಡಿಸೈನಿಗೆ ಪಾಪೆಯ ಕೆಳಗೆ 18 ಮಿಲಿಮೀಟರ್ ಹತ್ತಿರ ಜಾಗ ಬೇಕು. ಚಿಕ್ಕ ಫ್ರೇಮಿಗೆ ಅಂತಲೇ ಮಾಡಿರುವ ಗಿಡ್ಡ ಓಣಿಯ ಡಿಸೈನಿಗೆ 14 ಆದರೂ ನಡೆಯುತ್ತದೆ, ಆದರೆ ಪವರು ಬೇಗ ಬೇಗ ಬದಲಾಗುವುದರಿಂದ ಪಕ್ಕದ ಮಸಕು ಜಾಸ್ತಿ, ಕಂಪ್ಯೂಟರಿನ ಜಾಗ ಕಮ್ಮಿ. ನಿಮಗೆ 16 ಬಂತು ಅನ್ನಿ, ನಾನು ಕೇಳದೆ ಸಾಮಾನ್ಯದ್ದನ್ನೇ ತರಿಸಿದೆ ಅನ್ನಿ. ಅಂಚು ಉಜ್ಜುವಾಗ ಓದುವ ಭಾಗದ ಒಳ್ಳೇ ಪಾಲು ಪುಡಿಯಾಗಿ ಮೆಷಿನ್ನಿನ ನೀರಿನಲ್ಲಿ ಹೋಗುತ್ತದೆ. ನೀವು 2.00 ಆಡ್‌ಗೆ ದುಡ್ಡು ಕೊಟ್ಟಿರುತ್ತೀರಿ, ಸಿಗುವುದು ಕಮ್ಮಿ.

ನಿಮ್ಮ ಮನೆಯಲ್ಲಿ ಈಗಾಗಲೇ ಹಳೆಯ ಪ್ರೋಗ್ರೆಸಿವ್ ಇದ್ದರೆ ಅದರ ಮೇಲೆ ಒಮ್ಮೆ ಬಾಯಿಂದ ಉಸಿರು ಬಿಟ್ಟು, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಆವಿ ಆರುವ ಮೊದಲು ಎರಡು ಪುಟ್ಟ ಗುರುತು ಕಾಣುತ್ತವೆ, ಒಂದಕ್ಕೊಂದು 34 ಮಿಲಿಮೀಟರ್ ದೂರದಲ್ಲಿ. ಕಿವಿಯ ಕಡೆಯ ಗುರುತಿನ ಕೆಳಗೆ ನಿಮ್ಮ ಆಡ್ ಕೊರೆದಿರುತ್ತದೆ. ಆ ಗುರುತು ಹಿಡಿದುಕೊಂಡು ಗ್ಲಾಸು ಎಲ್ಲಿ ಕೂರಿಸಿದ್ದಾರೆ ಅಂತ ನಾವು ಪೂರ್ತಿ ವಾಪಸ್ ಲೆಕ್ಕ ಹಾಕಬಹುದು. ಅದಕ್ಕೇ ಹಳೇ ಕನ್ನಡಕ ತನ್ನಿ ಅಂತ ಕೇಳುವುದು, ಎಕ್ಸ್‌ಚೇಂಜ್ ಆಫರಿಗಲ್ಲ.

ಹಾಗಾದರೆ ಈಗ ಏನು ಮಾಡೋಣ

ಚೀಟಿಯನ್ನು ಟೇಬಲ್ ಮೇಲೆ ಇಟ್ಟು, ನಾಲ್ಕೂ ಮೂಲೆ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆದು ಕಳಿಸಿ. ತಾರೀಖೂ ಕಾಣಲಿ. ಅದರಿಂದ ಬಲಗಣ್ಣಿನ ಗುರುತು, ಆಕ್ಸಿಸ್, ಎಡಗಣ್ಣಿನ ಆಡ್ ಮೂರೂ ಬಗೆಹರಿಯುತ್ತವೆ. ಚೀಟಿಯಲ್ಲಿ ಸಿಲಿಂಡರ್ ಪ್ಲಸ್ ಇದ್ದರೆ ನೀವೇ ತಿದ್ದಿ ಮೈನಸ್ ಮಾಡಬೇಡಿ, ಅಥವಾ ಅದು ತಪ್ಪು ಅಂದುಕೊಳ್ಳಬೇಡಿ. ಕೆಲವು ಡಾಕ್ಟರು ಪ್ಲಸ್ಸಿನಲ್ಲೇ ಬರೆಯುತ್ತಾರೆ. ಅದನ್ನು ಮೈನಸ್ಸಿಗೆ ತಿರುಗಿಸುವಾಗ ಮೊದಲ ನಂಬರೂ ಬದಲಾಗುತ್ತದೆ, ಆಕ್ಸಿಸ್ಸೂ 90 ಡಿಗ್ರಿ ತಿರುಗುತ್ತದೆ. ಗುರುತು ಒಂದನ್ನೇ ಬದಲಾಯಿಸಿದರೆ ಬೇರೆಯವರ ಕಣ್ಣಿನ ಕನ್ನಡಕ ಆಗುತ್ತದೆ.

ಪಿಡಿಯನ್ನು ಮನೆಯಲ್ಲಿ ಸ್ಕೇಲ್ ಹಿಡಿದು ಅಳೆಯಬಹುದು ಅಂತ ವಿಡಿಯೋಗಳಿವೆ. ಬರೀ ದೂರದ ಕನ್ನಡಕ, ಕಮ್ಮಿ ಪವರು ಆದರೆ ನಾನೂ ಬೇಡ ಅನ್ನುವುದಿಲ್ಲ, ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ತಡೆಯುತ್ತದೆ. ಪ್ರೋಗ್ರೆಸಿವ್‌ಗೆ ಆಗುವುದಿಲ್ಲ. ಅದಕ್ಕೆ ಒಟ್ಟು ದೂರ ಸಾಲದು, ಮೂಗಿನ ಮಧ್ಯದಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆ ಬೇರೆ ಬೇಕು. ಮೇಷ್ಟ್ರಿಗೆ 32, 32 ಹಾಕಿದ್ದರಲ್ಲ, ನಾನು ಅಳೆದಾಗ ಬಂದದ್ದು 29.5 ಮತ್ತು 31.

ಹಾಗಾಗಿ ಒಂದು ಸಲ ಬರಲೇಬೇಕು. ವೈಟ್‌ಫೀಲ್ಡಿನಿಂದ ಬಸವನಗುಡಿಗೆ ಅಂದರೆ ನೀವು ನಿಟ್ಟುಸಿರು ಬಿಡುತ್ತೀರಿ, ಗೊತ್ತು. ಕಾರು ಬೇಡ. ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಅಲ್ಲಿಂದ ಆಟೋದವನು ಜಾಸ್ತಿ ಕೇಳಿದರೆ ನಡೆದೇ ಬನ್ನಿ. ಅಂಗಡಿಯಲ್ಲಿ ನಿಮ್ಮ ಕೆಲಸ ಹತ್ತು ಹದಿನೈದು ನಿಮಿಷ. ಫ್ರೇಮು ಹಾಕಿ ಕಡ್ಡಿ ಸರಿಮಾಡುತ್ತೇವೆ, ನಾನು ನಿಮ್ಮ ಎದುರು ಅದೇ ಎತ್ತರಕ್ಕೆ ಕೂರುತ್ತೇನೆ, ನನ್ನ ಯಾವ ಕಣ್ಣನ್ನು ನೋಡಿ ಅಂತ ಹೇಳುತ್ತೇನೋ ನೀವು ಅದನ್ನೇ ನೋಡುತ್ತಾ ಇರಬೇಕು, ಡೆಮೊ ಗ್ಲಾಸಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಪಾಪೆಗೆ ಚುಕ್ಕೆ ಇಡುತ್ತೇನೆ. ಆಮೇಲೆ ನೀವು ಎದ್ದು ಒಂದು ಸುತ್ತು ನಡೆದು ಬಂದು ಕೂತ ಮೇಲೆ ಇನ್ನೊಂದು ಸಲ ನೋಡುತ್ತೇನೆ. ಅಳೆಯುತ್ತಾರೆ ಅಂತ ಗೊತ್ತಾದರೆ ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕತ್ತು ಎತ್ತುತ್ತಾರೆ. ಮೊದಲನೇ ಚುಕ್ಕೆಯನ್ನು ನಾನು ನಂಬುವುದಿಲ್ಲ.

ಬರುವಾಗ ಇನ್ನೊಂದು ನೋಡಿಕೊಂಡು ಬನ್ನಿ, ಅದು ಫಾರ್ಮಿನಲ್ಲಿ ಇಲ್ಲ. ನಿಮ್ಮ ಕಂಪ್ಯೂಟರ್ ಕಣ್ಣಿನಿಂದ ಎಷ್ಟು ದೂರ ಇದೆ, ಕಣ್ಣಿನ ಮಟ್ಟಕ್ಕಿಂತ ಮೇಲಿದೆಯಾ ಕೆಳಗಿದೆಯಾ, ಒಂದೇ ಸ್ಕ್ರೀನಾ ಎರಡಾ. ಎರಡು ದೊಡ್ಡ ಸ್ಕ್ರೀನ್ ಪಕ್ಕಪಕ್ಕ ಇಟ್ಟುಕೊಂಡು ದಿನವಿಡೀ ಕೆಲಸ ಅಂದರೆ ಪ್ರೋಗ್ರೆಸಿವ್ ನಿಮಗೆ ಪೂರ್ತಿ ಹೊಂದುವುದು ಕಷ್ಟ, ಎಷ್ಟು ಸರಿಯಾಗಿ ಅಳೆದರೂ ಓಣಿ ಓಣಿಯೇ. ಆಗ ಆಫೀಸಿಗೆ ಬೇರೆಯೇ ಒಂದು ಮಾಡಿಸುವುದು ಒಳ್ಳೆಯದು. ಎರಡನೇ ಕನ್ನಡಕ ಮಾರಲು ಹೇಳುತ್ತಿದ್ದೇನೆ ಅನ್ನಿಸಿದರೆ ಬಿಡಿ, ಮೊದಲು ಇದೊಂದನ್ನು ಹಾಕಿ ನೋಡಿ. ಎಲ್ಲ ಸರಿಯಾಗಿದ್ದರೂ ಪ್ರೋಗ್ರೆಸಿವ್‌ಗೆ ಒಂದೆರಡು ವಾರ ಹಿಡಿಯುತ್ತದೆ, ಮೆಟ್ಟಿಲಿಳಿಯುವಾಗ ಜೋಪಾನ. ಅದಾದ ಮೇಲೂ ಸರಿಹೋಗದಿದ್ದರೆ ಅಭ್ಯಾಸ ಆಗತ್ತೆ ಅಂತ ಕಾಯಬೇಡಿ, ತಂದು ತೋರಿಸಿ.

ಬರಲು ಆಗುವುದೇ ಇಲ್ಲ ಅಂದರೆ ಇನ್ನೊಂದು ದಾರಿ. ಪ್ರೋಗ್ರೆಸಿವ್ ಬಿಟ್ಟು ದೂರಕ್ಕೊಂದು, ಓದಲು ಒಂದು ಬೇರೆ ಬೇರೆ ಮಾಡಿಸೋಣ. ಚೀಟಿಯ ಸರಿಯಾದ ಫೋಟೋ ಜೊತೆಗೆ ಈಗ ಹಾಕುತ್ತಿರುವ, ತಲೆನೋವು ಬಾರದ ಕನ್ನಡಕವನ್ನು ಒಂದು ದಿನದ ಮಟ್ಟಿಗೆ ಕೊರಿಯರ್‌ನಲ್ಲಿ ಕಳಿಸಿ, ಅದರಿಂದ ಪಿಡಿ ತೆಗೆದುಕೊಳ್ಳುತ್ತೇನೆ. ವ್ಯತ್ಯಾಸದ ದುಡ್ಡು ವಾಪಸ್ ಬರುತ್ತದೆ. ಎರಡೂ ಬೇಡ ಅಂದರೆ ಪೂರ್ತಿ ವಾಪಸ್, ಗ್ಲಾಸಿಗೆ ಇನ್ನೂ ಯಾರೂ ಕೈ ಹಚ್ಚಿಲ್ಲ. ಕೂಪನ್ ಮಾತ್ರ ಈ ತಿಂಗಳ ಕೊನೆವರೆಗೆ, ಅದನ್ನು ಮುಂದಕ್ಕೆ ಹಾಕುವುದು ನನ್ನ ಕೈಯಲ್ಲೇ ಇದೆ, ಹಾಕಿಕೊಡುತ್ತೇನೆ.

ಶನಿವಾರ ಬೆಳಿಗ್ಗೆ ಹನ್ನೊಂದರ ಮೇಲೆ ಬನ್ನಿ. ಭಾನುವಾರ ಅಂಗಡಿ ಮಧ್ಯಾಹ್ನದವರೆಗೆ ತೆಗೆದಿರುತ್ತದೆ, ಆದರೆ ಗಾಂಧಿ ಬಜಾರಿನ ಜನ ಎಲ್ಲ ಅವತ್ತೇ ಮೂಗಿನ ಪ್ಯಾಡ್ ಹಾಕಿಸೋಕೆ ಬರುತ್ತಾರೆ, ನಿಧಾನವಾಗಿ ಅಳೆಯೋಕೆ ಆಗಲ್ಲ.

ಇಂತಿ,
ನಿಮ್ಮ ಕನ್ನಡಕದ ಅಂಗಡಿಯವನು